ಗಂಡ ಹೆಂಡತಿಯ ಪಿನಾಕಲ್ ಬೇರೆ ಬೇರೆ ವರ್ಷ ಬದಲಾದರೆ ಅದನ್ನು ಹೇಗೆ ಓದಬೇಕು?

ಶ್ರುತಿ_ತುಮಕೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ. ನಾನು ಹುಟ್ಟಿದ್ದು 14-8-1990, ನಮ್ಮ ಯಜಮಾನರು 23-11-1986. ಮದುವೆ ಆಗಿದ್ದು 21-2-2016. ಒಂದು ಸೈಟು ತಗೊಂಡಿದ್ದೀವಿ, ಮನೆ ಯಾವಾಗ ಶುರು ಮಾಡಬಹುದು ಅಂತ ಕೇಳೋಕೆ ಒಬ್ಬ ಸಂಖ್ಯಾಶಾಸ್ತ್ರಿಗಳ ಹತ್ತಿರ ಹೋಗಿದ್ವಿ. ಅವರು ಮನೆ ವಿಷಯ ಪಕ್ಕಕ್ಕಿಟ್ಟು ಇಬ್ಬರ ಪಿನಾಕಲ್, ಅಂದರೆ ಬದುಕಿನ ನಾಲ್ಕು ಘಟ್ಟಗಳ ಪಟ್ಟಿ ಹಾಕಿದರು. "2027ರಲ್ಲಿ ಯಜಮಾನರಿಗೆ 9ರ ಪಿನಾಕಲ್ ಬರುತ್ತೆ, ನಿಮಗೆ ಆಗ 6 ನಡೀತಾ ಇರುತ್ತೆ. 9 ಅಂದ್ರೆ ಬಿಟ್ಟುಬಿಡೋದು. ನಿಮ್ಮಿಬ್ಬರ ಘಟ್ಟಗಳು ಒಟ್ಟಿಗೆ ಬದಲಾಗೋದೇ ಇಲ್ಲ. 2027ರಿಂದ 2030ರವರೆಗೆ ದಾಂಪತ್ಯಕ್ಕೆ ಗಂಡಾಂತರ" ಅಂದರು. ಯಜಮಾನರ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿಗೆ ಒಂದು ಅಕ್ಷರ ಸೇರಿಸಿದರೆ ಸರಿಹೋಗುತ್ತಂತೆ. ಅದಕ್ಕೆ ಅವರು ಹೇಳಿದ ದಕ್ಷಿಣೆ ಕೇಳಿ ಇವರು ಎದ್ದು ಬಂದುಬಿಟ್ಟರು.

ನಮ್ಮಿಬ್ಬರ ಮಧ್ಯೆ ಅಂಥ ಜಗಳ ಏನೂ ಇಲ್ಲ. ಆದರೂ ಆ ಮಾತು ತಲೆಯಿಂದ ಹೋಗ್ತಾ ಇಲ್ಲ. ಪಿನಾಕಲ್, ಚಾಲೆಂಜ್ ಗೊತ್ತಿರೋರು ಯಾರಾದರೂ ಇದನ್ನ ಬಿಡಿಸಿ ಹೇಳ್ತೀರಾ?

ರವಿಕಿರಣ_ಹಾಸನ

ಮೇಡಂ, ಗಾಬರಿ ಬೇಡ. ನೀವು 14, ಅವರು 23. ಇಬ್ಬರದ್ದೂ ಜನ್ಮಾಂಕ 5, ಬುಧನ ಸಂಖ್ಯೆ. 5ಕ್ಕೂ 5ಕ್ಕೂ ಚೆನ್ನಾಗಿ ಹೊಂದುತ್ತೆ. ಕೀರೊ ಪದ್ಧತಿಯಲ್ಲಿ ನಾನು ಮೊದಲು ನೋಡೋದೇ ಇದನ್ನ.

ಇನ್ನು ಪಿನಾಕಲ್‌ಗೆ ಬಂದರೆ, ಅವರು ಯಜಮಾನರ ಲೆಕ್ಕ ಸರಿಯಾಗಿ ಹಾಕಿಲ್ಲ ಅನಿಸುತ್ತೆ. ಅವರ ತಿಂಗಳು 11, ಮಾಸ್ಟರ್ ನಂಬರ್. ಅದನ್ನ 2 ಮಾಡಬಾರದು. ದಿನ, ತಿಂಗಳು, ವರ್ಷ ಕೂಡಿದ ಭಾಗ್ಯಾಂಕ 5+11+6 = 22, ಅದೂ ಮಾಸ್ಟರ್. ಮೊದಲ ಪಿನಾಕಲ್ 36ರಿಂದ ಭಾಗ್ಯಾಂಕ ಕಳೆದಷ್ಟು ವಯಸ್ಸಿಗೆ ಮುಗಿಯುತ್ತೆ, ಅಂದರೆ 36−22 = 14ನೇ ವಯಸ್ಸು. ಆಮೇಲೆ 23, ಆಮೇಲೆ 32. ಅವರು ಆಗಲೇ ಕೊನೆಯ ಪಿನಾಕಲ್‌ನಲ್ಲಿದ್ದಾರೆ, ಅದು 8. ದುಡ್ಡು ಕಾಸು ಕೂಡುವ ಕಾಲ. 2027ರಲ್ಲಿ 9 ಬರೋ ಪ್ರಶ್ನೆಯೇ ಇಲ್ಲ. ನಿಮ್ಮ ಮೊದಲ ಚಾಲೆಂಜ್ ಮಾತ್ರ 14−8 = 6, ಸಂಸಾರದ್ದು. ಅದು ಸ್ವಲ್ಪ ನೋಡ್ಕೊಳ್ಳಿ.

ಬಸವರಾಜ_ಗದಗ

ನಂದೂ ಒಂದು ಪ್ರಶ್ನೆ ಐತಿ, ಇಲ್ಲೇ ಕೇಳ್ತೀನಿ. ನಮ್ಮಪ್ಪನ ಹುಟ್ಟಿದ ತಾರೀಖು ಶಾಲಿ ದಾಖಲೆದಾಗ 1-6-1952 ಅಂತ ಐತಿ. ಆ ಕಾಲದಾಗ ಮಾಸ್ತರು ಎಲ್ಲಾರಿಗೂ ಜೂನ್ 1 ಬರೀತಿದ್ರಲ್ರಿ. ಆದರ ನಮ್ಮಜ್ಜ ಬರಸಿಟ್ಟ ಜಾತಕದ ಪ್ರಕಾರ 19-9-1951. ಪಿನಾಕಲ್ ನೋಡಾಕ ಯಾವುದು ಹಿಡೀಬೇಕು? ಅವ್ವಾಂದು ಅಂತೂ ತಾರೀಖೇ ಇಲ್ಲ, ಕಾರಹುಣ್ಣಿಮಿ ಮರುದಿನ ಅಂತಾರ ಅಷ್ಟ.

ಮತ್ತ ಶ್ರುತಿಯವರಿಗೆ ಒಂದು ಮಾತು. ನಮ್ಮ ಕಡೆ ಜಾತಕ ಕೂಡಿಸುವಾಗ ದಶಾಸಂಧಿ ನೋಡ್ತಾರ. ಹುಡುಗಂದೂ ಹುಡುಗೀದೂ ದಶಾ ಒಂದ ಹೊತ್ತಿನ್ಯಾಗ ಬದಲಾದ್ರ ಚಲೋ ಅಲ್ಲ ಅಂತಾರ. ನಿಮಗ ಅವರು ಉಲ್ಟಾ ಹೇಳ್ಯಾರ, ಒಟ್ಟಿಗೆ ಬದಲಾಗಂಗಿಲ್ಲ ಅದಕ್ಕ ಗಂಡಾಂತರ ಅಂತ. ಇದು ನನಗ ತಿಳೀವಲ್ದು.

ಅಂಕೆಮನೆ

ಶ್ರುತಿ, ನಿಮ್ಮ ಪಟ್ಟಿಯನ್ನು ಮೊದಲಿಂದ ಹಾಕೋಣ. ರವಿಕಿರಣ್ ಅವರ ಲೆಕ್ಕದಲ್ಲಿ ಎರಡು ಕಡೆ ತಪ್ಪಿದೆ. ಆ ಎರಡೂ ತುಂಬಾ ಜನ ಮಾಡುವಂಥವೇ, ಹಾಗಾಗಿ ಅಲ್ಲಲ್ಲಿ ನಿಂತು ಹೇಳುತ್ತೇನೆ.

ನಿಮ್ಮ ದಿನ 14, ಅಂದರೆ 5. ತಿಂಗಳು 8. ವರ್ಷ 1990, ಕೂಡಿದರೆ 19, ಆಮೇಲೆ 10, ಆಮೇಲೆ 1. ಮೊದಲ ಪಿನಾಕಲ್ ತಿಂಗಳು ಮತ್ತು ದಿನ ಸೇರಿ ಆಗುವುದು: 8+5 = 13, ಅಂದರೆ 4. ಎರಡನೆಯದು ದಿನ ಮತ್ತು ವರ್ಷ: 5+1 = 6. ಮೂರನೆಯದು ಈ ಎರಡರ ಮೊತ್ತ: 4+6 = 10, ಅಂದರೆ 1. ನಾಲ್ಕನೆಯದು ತಿಂಗಳು ಮತ್ತು ವರ್ಷ: 8+1 = 9. ನಿಮ್ಮ ಭಾಗ್ಯಾಂಕ 5, ಆದ್ದರಿಂದ ಮೊದಲನೆಯದು 31 ತುಂಬುವವರೆಗೆ, ಅಂದರೆ 2021ರವರೆಗೆ. ನಂತರ ಒಂಬತ್ತೊಂಬತ್ತು ವರ್ಷ. 2030ಕ್ಕೆ ಎರಡನೆಯದು ಮುಗಿಯುತ್ತದೆ, 2039ಕ್ಕೆ ಮೂರನೆಯದು. ನಾಲ್ಕನೆಯದು ಕೊನೆಯವರೆಗೂ ಇರುತ್ತದೆ.

ಯಜಮಾನರದ್ದು ದಿನ 5, ತಿಂಗಳು 2, ವರ್ಷ 6. ಪಿನಾಕಲ್‌ಗಳು ಕ್ರಮವಾಗಿ 7, 11, 9, 8. ಭಾಗ್ಯಾಂಕ 22 ಎಂದು ಓದಿ, ತಕರಾರಿಲ್ಲ. ಆದರೆ 36ರಿಂದ ಕಳೆಯುವಾಗ ಅದನ್ನು 4 ಮಾಡಿಯೇ ಕಳೆಯಬೇಕು. ಮೊದಲ ಪಿನಾಕಲ್ ಯಾರಿಗೇ ಆಗಲಿ 27ಕ್ಕಿಂತ ಮುಂಚೆ ಮುಗಿಯುವುದಿಲ್ಲ, 35 ದಾಟುವುದೂ ಇಲ್ಲ. ಉತ್ತರ 14 ಅಂತ ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಇವರಿಗೆ 32, ಅಂದರೆ 2018. ಮುಂದಿನವು 2027 ಮತ್ತು 2036.

ಇನ್ನು ಚಾಲೆಂಜ್. ಅವೇ ಜೋಡಿಗಳನ್ನು ಕೂಡುವ ಬದಲು ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತೇವೆ. ಕೂಡುವಾಗ ನೀವು ಯಾವ ಹಂತದಲ್ಲಿ ಒಂದಂಕಿಗೆ ಇಳಿಸಿದರೂ ಕೊನೆಗೆ ಅದೇ ಉತ್ತರ. ಕಳೆಯುವಾಗ ಹಾಗಲ್ಲ. ಮೊದಲೇ ಇಳಿಸದೆ 14−8 ಮಾಡಿದರೆ 6. ಇಳಿಸಿ 8−5 ಮಾಡಿದರೆ 3. ಸರಿಯಾದದ್ದು ಇಳಿಸಿ ಕಳೆಯುವುದು. ನಿಮ್ಮ ಚಾಲೆಂಜ್‌ಗಳು 3, 4, 1, 7. ಅವರದ್ದು 3, 1, 2, 4. ಮೂರನೆಯದನ್ನು ಕೆಲವರು ಇಡೀ ಬದುಕಿನ ಮುಖ್ಯ ಚಾಲೆಂಜ್ ಎಂದೂ ಓದುತ್ತಾರೆ. ಇಲ್ಲಿ ಅದಕ್ಕೆ ಹೋಗುವುದಿಲ್ಲ.

ಈಗ ಅತಿ ಮುಖ್ಯ ವಿಷಯ. ಮೇಲೆ ನಾನು ಬಳಸಿದ್ದೆಲ್ಲ ದಿನ, ತಿಂಗಳು, ವರ್ಷ. ಹೆಸರಿನ ಒಂದೇ ಒಂದು ಅಕ್ಷರ ಎಲ್ಲೂ ಬಂದಿಲ್ಲ. ಪಿನಾಕಲ್ ಆಗಲಿ ಚಾಲೆಂಜ್ ಆಗಲಿ ಹೆಸರಿನಿಂದ ಹುಟ್ಟುವುದಿಲ್ಲ. ಹಾಗಿದ್ದಮೇಲೆ ಹೆಸರಿಗೆ ಅಕ್ಷರ ಸೇರಿಸಿ 2027ರ 9ನ್ನು ಯಾರೂ ಬದಲಿಸಲಾರರು. ಈ ಪದ್ಧತಿಯ ಒಳಗೇ ನಿಂತು ಹೇಳುತ್ತಿದ್ದೇನೆ. ಅವರು ನಿಮ್ಮಿಂದ ದಕ್ಷಿಣೆ ಕೇಳಿದ ಪರಿಹಾರಕ್ಕೂ ತೋರಿಸಿದ ಪಟ್ಟಿಗೂ ಸಂಬಂಧವೇ ಇಲ್ಲ.

ರವಿಕಿರಣ_ಹಾಸನ

ಮಾಸ್ಟರ್ ನಂಬರನ್ನ ಒಂದು ಕಡೆ ಇಟ್ಕೊಂಡು ಇನ್ನೊಂದು ಕಡೆ ಇಳಿಸೋದು ಅಂದ್ರೆ ನಮಗೆ ಬೇಕಾದ ಹಾಗೆ ಮಾಡ್ಕೊಂಡ ಹಾಗಾಯ್ತಲ್ಲ ಅಕ್ಕ? ಅವರ ಎರಡನೇ ಪಿನಾಕಲ್ ಮಾತ್ರ 11 ಅಂತ ಬಿಟ್ರಿ. 27ರ ಲೆಕ್ಕ ಒಪ್ಪಿದೆ. ಆದರೆ ಈ ಪ್ರಶ್ನೆಗೆ ನೀವು ಉತ್ತರ ಕೊಟ್ಟಿಲ್ಲ.

ಅಂಕೆಮನೆ

ನ್ಯಾಯವಾದ ಪ್ರಶ್ನೆ. ಅವಧಿ ಅಳೆಯುವಾಗ ಸಂಖ್ಯೆ ಬರೀ ಅಳತೆ, ಓದುವಾಗ ಅದಕ್ಕೆ ಗುಣ ಇದೆ ಎಂದು ನಾನು ಕಲಿತ ಕ್ರಮ. ಎಲ್ಲರೂ ಹಾಗೆ ಮಾಡುವುದಿಲ್ಲ. 11 ಎಂದು ಓದದೆ 2 ಎಂದೇ ಓದುವವರೂ ಇದ್ದಾರೆ. ಇವರ ವಿಷಯದಲ್ಲಿ ಎರಡರಲ್ಲೂ ಸಾರ ಒಂದೇ, ಇನ್ನೊಬ್ಬರ ಜೊತೆ ಹೊಂದಿಕೊಂಡು ನಡೆಯುವ ಕಾಲ.

ಗಣಿತದ_ಮೇಷ್ಟ್ರು

ನಾನು ಸಂಖ್ಯಾಶಾಸ್ತ್ರವನ್ನು ನಂಬುವವನಲ್ಲ. ಆದರೆ ಈ 36 ಎಲ್ಲಿಂದ ಬಂತು ಎಂದು ಕುತೂಹಲವಾಗಿ ಕಾಗದ ಹಿಡಿದು ಕೂತೆ. ಸಿಕ್ಕಿದ್ದು ಶ್ರುತಿಯವರ ಭಯಕ್ಕೆ ನೇರವಾಗಿ ಸಂಬಂಧಪಟ್ಟಿದೆ.

ಒಂದಂಕಿಗೆ ಇಳಿಸುವುದೆಂದರೆ 9ರಿಂದ ಭಾಗಿಸಿ ಶೇಷ ನೋಡುವುದು, ಶೇಷ ಸೊನ್ನೆಯಾದರೆ 9 ಎನ್ನುವುದು. ಮೊದಲ ಪಿನಾಕಲ್ ಮುಗಿಯುವ ಇಸವಿ ಅಂದರೆ ಹುಟ್ಟಿದ ವರ್ಷಕ್ಕೆ 36 ಕೂಡಿ ಭಾಗ್ಯಾಂಕ ಕಳೆದದ್ದು. ಭಾಗ್ಯಾಂಕದೊಳಗೆ ಹುಟ್ಟಿದ ವರ್ಷವೂ ಸೇರಿದೆ, ಹಾಗಾಗಿ ವರ್ಷ ವರ್ಷಕ್ಕೆ ವಜಾ ಆಗುತ್ತದೆ. 36 ಒಂಬತ್ತರ ಗುಣಕ, ಅದೂ ಲೆಕ್ಕಕ್ಕಿಲ್ಲ. ಉಳಿಯುವುದು ದಿನ ಮತ್ತು ತಿಂಗಳು ಮಾತ್ರ, ಅದೂ ಕಳೆಯುವ ಚಿಹ್ನೆಯೊಂದಿಗೆ. ನೀವುಗಳು ವರ್ಷಾಂಕ ಎಂದು ಹೇಳುತ್ತೀರಲ್ಲ, ಹುಟ್ಟಿದ ದಿನ, ತಿಂಗಳು ಮತ್ತು ನಡೆಯುತ್ತಿರುವ ಇಸವಿ ಕೂಡಿದ್ದು, ಅದನ್ನು ಆ ವರ್ಷಕ್ಕೆ ಹಾಕಿದರೆ ಶೇಷ ಸೊನ್ನೆ. ಅಂದರೆ 9. ಪ್ರತಿಯೊಬ್ಬರಿಗೂ ಪಿನಾಕಲ್ ಬದಲಾಗುವುದು ಅವರ ವರ್ಷಾಂಕ 9 ಆಗಿರುವ ವರ್ಷದಲ್ಲೇ. ಶ್ರುತಿಯವರಿಗೆ 2021: 4+5 = 9. ಯಜಮಾನರಿಗೆ 2018: 7+2 = 9. ತಾಳೆಯಾಗುತ್ತದೆ.

ಇದರಿಂದ ಇನ್ನೊಂದು ಗೊತ್ತಾಗುತ್ತದೆ. ದಂಪತಿಯ ಘಟ್ಟಗಳು ಒಂದೇ ವರ್ಷ ಬದಲಾಗಬೇಕಾದರೆ ಇಬ್ಬರ ಮೊದಲ ಪಿನಾಕಲ್ ಸಂಖ್ಯೆ ಒಂದೇ ಆಗಿರಬೇಕು. ಇಲ್ಲದಿದ್ದರೆ ಆ ಎರಡು ಸಂಖ್ಯೆಗಳ ವ್ಯತ್ಯಾಸವೇ ವರ್ಷಗಳ ಅಂತರ. ಇವರದು 4 ಮತ್ತು 7, ಅಂತರ ಮೂರು ವರ್ಷ. 2018, 2021, 2027, 2030, 2036, 2039. ಮೂರು ವರ್ಷ, ಆರು ವರ್ಷ, ಮೂರು ವರ್ಷ, ಆರು ವರ್ಷ. ಹೀಗೇ ಹೋಗುತ್ತದೆ. ಯಾವ ದಂಪತಿಯನ್ನು ತೆಗೆದುಕೊಂಡರೂ ಮೊದಲ ಸಂಖ್ಯೆ ಒಂದೇ ಅಲ್ಲದ ಹೊರತು ಅವರ ಘಟ್ಟಗಳು ಒಟ್ಟಿಗೆ ಬದಲಾಗುವುದಿಲ್ಲ. ಹೆಚ್ಚಿನ ದಂಪತಿಗಳ ಸ್ಥಿತಿ ಇದೇ. ಅದನ್ನು ಗಂಡಾಂತರ ಎಂದು ಕರೆದರೆ ಊರಿಗೆ ಊರೇ ಗಂಡಾಂತರದಲ್ಲಿರಬೇಕು.

ಅಂಕೆಮನೆ

ಮೇಷ್ಟ್ರೇ, ಇದು ಬಹಳ ಉಪಯೋಗದ ಮಾತು. ಪಿನಾಕಲ್ 9ರ ವರ್ಷದಲ್ಲಿ ಮುಗಿದು 1ರ ವರ್ಷದಲ್ಲಿ ಹೊಸದು ನೆಲೆಗೊಳ್ಳುತ್ತದೆ ಎಂದು ನಾವು ಹೇಳುತ್ತಲೇ ಬಂದಿದ್ದೇವೆ, ಕಾರಣ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಶ್ರುತಿ, ಇದರಲ್ಲೇ ಇನ್ನೊಂದು ಅಂಶ ಇದೆ. ಘಟ್ಟ ಬದಲಾಗುವುದು ಹುಟ್ಟುಹಬ್ಬದಂದೋ, 9ರ ವರ್ಷ ಮುಗಿದ ಮೇಲಿನ ಜನವರಿಯಲ್ಲೋ ಎಂಬುದರಲ್ಲಿ ಓದುವವರಲ್ಲಿ ಎರಡು ಪಂಗಡ. ಎರಡು ಕಡೆ ಕೇಳಿದಾಗ ಒಂದು ವರ್ಷ ಹೆಚ್ಚು ಕಡಿಮೆ ಬರುವುದು ಇದರಿಂದಲೇ. ನಿಮ್ಮ ಯಜಮಾನರ ಹುಟ್ಟುಹಬ್ಬ ನವೆಂಬರ್ 23. ಅತಿ ಬೇಗ ಎಂದರೂ ಅವರಿಗೆ 9 ಬರುವುದು 2027ರ ನವೆಂಬರ್ ಕೊನೆಗೆ, ಇನ್ನೊಂದು ಕ್ರಮದಲ್ಲಿ 2028ರ ಜನವರಿಗೆ. 2027ರ ಹೆಚ್ಚು ಭಾಗ ಅವರು ಈಗಿರುವ 11ರಲ್ಲೇ ಇರುತ್ತಾರೆ.

ಬಸವರಾಜ್ ಅವರೇ, ದಶಾಸಂಧಿ ನೆನಪು ಮಾಡಿದ್ದು ಒಳ್ಳೆಯದಾಯಿತು. ಅಲ್ಲಿನ ತರ್ಕ ಇಲ್ಲಿಗೂ ಹೊಂದುತ್ತದೆ. ಇಬ್ಬರಿಗೂ ಒಂದೇ ವರ್ಷ ಬದಲಾದರೆ ಇಬ್ಬರ ಕಾಲ ಕೆಳಗಿನ ನೆಲವೂ ಒಮ್ಮೆಗೇ ಅಲುಗಾಡುತ್ತದೆ, ಆಸರೆಗೆ ನಿಲ್ಲುವವರು ಯಾರೂ ಇರುವುದಿಲ್ಲ. ಅಂತರ ಇದ್ದರೆ ಒಬ್ಬರು ಬದಲಾಗುತ್ತಿರುವಾಗ ಇನ್ನೊಬ್ಬರು ಹಳೆಯ ಘಟ್ಟದಲ್ಲಿ ಗಟ್ಟಿಯಾಗಿ ನಿಂತಿರುತ್ತಾರೆ. ಮೂರು ವರ್ಷದ ಅಂತರವನ್ನು ನಾನು ಕೆಟ್ಟದ್ದೆಂದು ಓದುವುದಿಲ್ಲ. ನಿಮ್ಮ ತಂದೆಯವರ ವಿಷಯಕ್ಕೆ ಜಾತಕದ ತಾರೀಖನ್ನೇ ಹಿಡಿಯಿರಿ. ಒಂದು ಎಚ್ಚರ ಮಾತ್ರ. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಈ ಲೆಕ್ಕದಲ್ಲಿ ಮಧ್ಯರಾತ್ರಿಗೆ. ಅವರು ಬೆಳಗಿನ ಜಾವ ಹುಟ್ಟಿದ್ದರೆ ತಾರೀಖು 19ನ್ನೇ ಸೂಚಿಸುತ್ತದೆಯೋ 20ನ್ನೋ ನೋಡಿಕೊಳ್ಳಿ. ತಾಯಿಯವರದ್ದು ಹುಟ್ಟಿದ ಇಸವಿ ಗೊತ್ತಿದ್ದರೆ ಆ ವರ್ಷದ ಹಳೆ ಪಂಚಾಂಗದಲ್ಲಿ ಜ್ಯೇಷ್ಠ ಹುಣ್ಣಿಮೆಯ ಮರುದಿನ ಯಾವ ತಾರೀಖು ಎಂದು ಸಿಗುತ್ತದೆ.

ಶ್ರುತಿ_ತುಮಕೂರು

ಹೆಸರಿನ ಮಾತು ಓದಿ ನಿಜಕ್ಕೂ ಸಮಾಧಾನ ಆಯ್ತು. ಹಿಂದಿನದು ನೋಡಿದರೆ, 2018ರಲ್ಲಿ ಇವರು ರಾತ್ರಿ ಪಾಳಿ ಕೆಲಸ ಬಿಟ್ಟು ಬೇರೆ ಕಡೆ ಸೇರಿದರು. 2021ರಲ್ಲಿ ಮಗಳು ಹುಟ್ಟಿದಳು, ಅದೇ ವರ್ಷ ಅತ್ತೆ ನಮ್ಮ ಜೊತೆ ಇರೋಕೆ ಬಂದರು. ಅಂದರೆ ಇಂಥ ಎರಡು ತಿರುವು ಆಗಲೇ ದಾಟಿದ್ದೀವಿ.

ಆದರೆ ಅವರು ಇನ್ನೊಂದು ಲೆಕ್ಕನೂ ಹಾಕಿದ್ದರು. ಇಬ್ಬರ ಪಿನಾಕಲ್ ಕೂಡಿ ದಂಪತಿಯ ಪಿನಾಕಲ್ ಅಂತ. ಈಗ ನನ್ನ 6, ಇವರ 11, ಒಟ್ಟು 8. 2027ರ ಮೇಲೆ 6+9 = 15, ಅಂದರೆ 6. "8 ಹೋಗಿ 6 ಬಂತು, ದುಡ್ಡು ಹೋಗಿ ಜವಾಬ್ದಾರಿ ಉಳೀತು" ಅಂದರು. ಇದಕ್ಕೇನು ಅರ್ಥ?

ಅಂಕೆಮನೆ

ಕೂಡುವ ಕ್ರಮ ಇದೆ, ಬಹಳ ಜನ ಮಾಡುತ್ತಾರೆ. ನಾನು ಅದನ್ನು ಕೈಬಿಟ್ಟೆ. ಯಾಕೆಂದರೆ ಯಾವ ಸಂಖ್ಯೆಗೆ 9 ಕೂಡಿದರೂ ಆ ಸಂಖ್ಯೆಯೇ ಮರಳಿ ಬರುತ್ತದೆ. 6+9 = 6. ಹಾಗೆ ನೋಡಿದರೆ 2027ರಿಂದ 2030ರವರೆಗೆ ನಿಮ್ಮ ಸಂಸಾರದಲ್ಲಿ ನೀವೊಬ್ಬರೇ ಇದ್ದೀರಿ, ಯಜಮಾನರ ಘಟ್ಟ ಪಟ್ಟಿಯಿಂದಲೇ ಮಾಯ. 2030ರ ನಂತರವೂ ಅಷ್ಟೇ, ನಿಮ್ಮ 1 ಅವರ 9 ಸೇರಿ ಬರುವುದು 1. ಒಬ್ಬರನ್ನು ಅಳಿಸಿಬಿಡುವ ಲೆಕ್ಕದಿಂದ ಇಬ್ಬರ ಬಾಳನ್ನು ಓದಲು ನನಗೆ ಮನಸ್ಸು ಬರುವುದಿಲ್ಲ.

ನಾನು ಮಾಡುವುದು ಹೀಗೆ. ಇಸವಿಗಳನ್ನು ಒಂದು ಗೆರೆಯಲ್ಲಿ ಬರೆದು ಮೇಲೆ ನಿಮ್ಮದು, ಕೆಳಗೆ ಅವರದು ಇಡುತ್ತೇನೆ. ಪಿನಾಕಲ್ ಒಂದು ಬಣ್ಣ, ಚಾಲೆಂಜ್ ಇನ್ನೊಂದು ಬಣ್ಣ. ಒಬ್ಬರ ಪಿನಾಕಲ್ ಕೊಡುವುದು ಇನ್ನೊಬ್ಬರ ಚಾಲೆಂಜ್ ಬೇಡುತ್ತಿರುವುದಕ್ಕೆ ಒದಗುತ್ತದೆಯೇ ಎಂದು ನೋಡುತ್ತೇನೆ.

ನೀವು ಮದುವೆಯಾದಾಗ ನಿಮ್ಮದು 4, ಅವರದು 7. ಚಾಲೆಂಜ್ ಮಾತ್ರ ಇಬ್ಬರದ್ದೂ 3. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವುದು ಇಬ್ಬರಿಗೂ ಕಷ್ಟ. ಒಂದೇ ಚಾಲೆಂಜ್ ಇಬ್ಬರಿಗೂ ಇದ್ದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಲಾಗುವುದಿಲ್ಲ. ನನ್ನ ಓದಿನಲ್ಲಿ ನಿಮ್ಮ ದಾಂಪತ್ಯದ ಬಿಗಿಯಾದ ಕಾಲ 2016ರಿಂದ 2018. ಅದು ಮುಗಿದುಹೋಗಿದೆ.

2027ರ ಕೊನೆಯಿಂದ 2030ರವರೆಗೆ ನೋಡಿ. ನಿಮ್ಮ ಪಿನಾಕಲ್ 6, ಮನೆ, ಮಗು, ಹಿರಿಯರು. ಚಾಲೆಂಜ್ 4, ಎಲ್ಲವನ್ನೂ ಕ್ರಮಬದ್ಧವಾಗಿ ಹಿಡಿದಿಡುವ ಕಷ್ಟ, ದಿನಚರಿ ಕೈತಪ್ಪುವುದು. ಅವರ ಪಿನಾಕಲ್ 9, ಚಾಲೆಂಜ್ 2. 9ನ್ನು ಗಂಡ ಹೆಂಡತಿಯನ್ನು ಬಿಡುವ ಸಂಖ್ಯೆ ಎಂದು ಓದುವುದು ತಪ್ಪು. ತನ್ನದೆಂದು ಹಿಡಿದುಕೊಂಡದ್ದನ್ನು ಸಡಿಲಿಸಿ ಹೊರಗಿನವರಿಗೆ ಕೈ ಚಾಚುವ ಒಂಬತ್ತು ವರ್ಷ ಅದು. ಸಂಘ, ಊರಿನ ಕೆಲಸ, ಇನ್ನೊಬ್ಬರ ಕಷ್ಟ. ತಿಕ್ಕಾಟ ಬಂದರೆ ಅಲ್ಲಿಂದ ಬರುತ್ತದೆ. ಅವರು ಹೊರಗೆ ಹೋದಷ್ಟೂ ಒಳಗಿನ ಭಾರ ನಿಮ್ಮ 6ರ ಮೇಲೆ ಬೀಳುತ್ತದೆ. ನೀವು ಅದನ್ನು ಹೇಳಿದಾಗ ಚಾಲೆಂಜ್ 2 ಇರುವ ಅವರಿಗೆ ಅದು ದೂರಿನಂತೆ ಕೇಳಿ ಮನಸ್ಸಿಗೆ ಬೇಗ ನಾಟುತ್ತದೆ. ದುಡ್ಡಿನ ಜವಾಬ್ದಾರಿ, ಮನೆಗೆಲಸ, ಅತ್ತೆಯವರ ಔಷಧಿ ಯಾರ ಪಾಲು ಯಾವುದು ಎಂದು 2027ರ ಒಳಗೆ ಕೂತು ಮಾತಾಡಿಕೊಂಡರೆ ಆ ಮೂರು ವರ್ಷಕ್ಕೆ ಬೇಕಾದದ್ದು ಬಹುಪಾಲು ಅಷ್ಟೇ.

ನ್ಯೂಜೆರ್ಸಿ_ಸುಮಾ

ಅಂಕೆಮನೆ ಮೇಡಂ, ಎರಡು ಸಾಲಿನ ಈ ಪಟ್ಟಿ ತುಂಬಾ ಹಿಡಿಸ್ತು. ಹೊರದೇಶದಲ್ಲಿರೋರಿಗೆ ಒಂದು ಎಚ್ಚರ ಹೇಳ್ತೀನಿ. ಇಲ್ಲಿನ ವೆಬ್‌ಸೈಟುಗಳು ತಿಂಗಳನ್ನ ಮೊದಲು ಕೇಳ್ತವೆ. ನಾನು ಹುಟ್ಟಿದ್ದು ಮಾರ್ಚ್ 7, 1988. ಅಭ್ಯಾಸಬಲದಿಂದ 7-3 ಅಂತ ಹಾಕಿದ್ರೆ ಜುಲೈ 3 ಅಂತ ತಗೊಳ್ಳುತ್ತೆ. ಎರಡೂ ಪಟ್ಟಿ ಹಾಕಿ ನೋಡಿದೆ. ಭಾಗ್ಯಾಂಕ, ಮೊದಲ ಪಿನಾಕಲ್, ಮೊದಲ ಚಾಲೆಂಜ್, ವಯಸ್ಸಿನ ಗಡಿ ಎಲ್ಲಾ ಒಂದೇ ಬರುತ್ತೆ, ಅದಕ್ಕೆ ತಪ್ಪು ಗೊತ್ತೇ ಆಗಲ್ಲ. ಆದರೆ ಎರಡನೇದು ಮತ್ತು ನಾಲ್ಕನೇದು ಅದಲುಬದಲಾಗುತ್ತೆ. ನನಗೆ ಎರಡನೇದು 6 ಬರಬೇಕಾದ ಕಡೆ 11 ಅಂತ ತೋರಿಸುತ್ತೆ. ಮೂರನೇದೂ 7ರ ಬದಲು 3. ದಿನ 12ರ ಒಳಗಿದ್ದೋರು ಹುಷಾರು. ಶ್ರುತಿ ಅವರದ್ದು 14 ಮತ್ತು 23, ಹಾಕಿದ್ರೂ ಅದೇ ತಿರಸ್ಕರಿಸುತ್ತೆ, ಬಚಾವ್.

ಇನ್ನೊಂದು ಕೇಳಬೇಕು. ನಮಗೆ ಇಲ್ಲಿ ಓದಿದವರು ಮದುವೆ ದಿನಾಂಕಕ್ಕೂ ಪಿನಾಕಲ್ ಹಾಕಿದ್ರು, ದಾಂಪತ್ಯವೇ ಒಂದು ಜೀವ ಅನ್ನೋ ಹಾಗೆ. ನೀವು ಅದನ್ನ ನೋಡಲ್ವಾ?

ರವಿಕಿರಣ_ಹಾಸನ

ನಾನು ನೋಡ್ತೀನಿ. 21-2-2016 ಅಂದರೆ 3, 2, 9. ಭಾಗ್ಯಾಂಕ 5, ಮೊದಲ ಪಿನಾಕಲ್ 5. ಬದಲಾವಣೆ, ಓಡಾಟ. ಮನೆ ಕಟ್ಟೋಕೆ ಅಷ್ಟು ಹೊಂದಲ್ಲ.

ಅಂಕೆಮನೆ

ರವಿಕಿರಣ್, ಲೆಕ್ಕ ಸರಿ. ಆದರೆ ಅವಧಿಯನ್ನೂ ನೋಡಿ. 36−5 = 31 ವರ್ಷ. ಇವರ ಮದುವೆಯ ಮೊದಲ ಪಿನಾಕಲ್ 2047ರವರೆಗೂ 5 ಆಗಿಯೇ ಇರುತ್ತದೆ. ಮಗಳ ಓದು ಮುಗಿದು ಮದುವೆಯಾಗುವ ಹೊತ್ತಿಗೂ ಅದೇ 5. ಮೂವತ್ತೊಂದು ವರ್ಷ ಬದಲಾಗದ ಸಂಖ್ಯೆಯಿಂದ "ಈ ವರ್ಷ ಮನೆ ಕಟ್ಟಬೇಡಿ" ಎಂದು ಹೇಳಲು ಹೇಗೆ ಸಾಧ್ಯ? ಮದುವೆ ದಿನಾಂಕದಿಂದ ನಾನು ಆ ದಾಂಪತ್ಯದ ವರ್ಷಾಂಕ ಮಾತ್ರ ತೆಗೆಯುತ್ತೇನೆ.

ಅಲ್ಲೂ ಯಾವ ದಿನ ಎಂಬ ತೊಡಕಿದೆ. ನಮ್ಮಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ, ರಿಜಿಸ್ಟ್ರಿ ಇನ್ಯಾವತ್ತೋ. ನಾನು ಧಾರೆಯ ದಿನ ಹಿಡಿಯುತ್ತೇನೆ. ರಿಜಿಸ್ಟ್ರಿ ದಿನವನ್ನೇ ಹಿಡಿಯುವವರಿದ್ದಾರೆ, ಅವರ ವಾದಕ್ಕೂ ತೂಕವಿದೆ.

ಬಸವರಾಜ_ಗದಗ

ನಮ್ಮಪ್ಪಂದು ಎರಡೂ ತಾರೀಖು ಹಾಕಿ ನೋಡಿದೆ. ಜಾತಕದ ತಾರೀಖಿಗೆ ಪಿನಾಕಲ್ ಬದಲಾಗೂದು 1979, 1988, 1997. ಶಾಲಿ ತಾರೀಖಿಗೆ 1982, 1991, 2000. ಅಪ್ಪ ಕೂಲಿ ಬಿಟ್ಟು ಸ್ವಂತ ಅಂಗಡಿ ಹಾಕಿದ್ದು 1982ರಾಗ. ನಮ್ಮ ಅಕ್ಕನ ಮದುವಿ ಆಗಿದ್ದು 2000ದಾಗ. ಸುಳ್ಳು ತಾರೀಖು ಅಷ್ಟು ಚಂದ ಹೊಂದತೈತಿ, ಖರೇ ತಾರೀಖು ಹೊಂದವಲ್ದು. ಇದೇನ್ರೀ ಅಕ್ಕಾರ?

ಗಣಿತದ_ಮೇಷ್ಟ್ರು

ಬಸವರಾಜರೇ, ನಾನು ಹೇಳಬೇಕೆಂದಿದ್ದನ್ನು ನಿಮ್ಮ ತಂದೆಯವರ ಎರಡು ತಾರೀಖುಗಳೇ ಹೇಳಿಬಿಟ್ಟವು. ಮೂವತ್ತರ ಆಸುಪಾಸಿನಲ್ಲಿ ಕೆಲಸ ಬದಲಾಗುವುದು, ಮನೆ ಮಕ್ಕಳಾಗುವುದು ಎಲ್ಲರ ಬಾಳಿನಲ್ಲೂ ಇದೆ. ಮೊದಲ ಗಡಿಯನ್ನು 27 ಮತ್ತು 35ರ ನಡುವೆ ಇಟ್ಟರೆ ಏನಾದರೊಂದು ಅದರ ಹತ್ತಿರ ಬಂದೇ ಬರುತ್ತದೆ. ಶ್ರುತಿಯವರ 2018 ಮತ್ತು 2021 ಹೊಂದಿದ್ದೂ ನನಗೆ ಇದೇ ಕಾರಣಕ್ಕೆ ಎನಿಸುತ್ತದೆ. ಒಂದು ಪಟ್ಟಿ ನಿಜಕ್ಕೂ ಏನನ್ನಾದರೂ ಹೇಳುತ್ತಿದೆಯೇ ಎಂದು ತಿಳಿಯಲು ಅದು ಹೊಂದಿತೇ ಎಂದು ಕೇಳಿದರೆ ಸಾಲದು. ತಪ್ಪು ತಾರೀಖಿನ ಪಟ್ಟಿ ಅದಕ್ಕಿಂತ ಕಡಿಮೆ ಹೊಂದುತ್ತದೆಯೇ ಎಂದು ಕೇಳಬೇಕು.

ಅಂಕೆಮನೆ

ಮೇಷ್ಟ್ರೇ, ಆ ಪ್ರಶ್ನೆ ನನ್ನನ್ನೂ ಕಾಡುತ್ತದೆ. ನಾನು ಘಟನೆಗಿಂತ ಹೆಚ್ಚಾಗಿ ಆ ವರ್ಷಗಳಲ್ಲಿ ಮನುಷ್ಯ ಯಾವುದಕ್ಕಾಗಿ ಹೆಣಗುತ್ತಿದ್ದ ಎಂದು ಓದುತ್ತೇನೆ. ಬಸವರಾಜರ ತಂದೆಗೆ ಜಾತಕದ ಪ್ರಕಾರ 1979ರಿಂದ 1988 ಪಿನಾಕಲ್ 8, ಸ್ವಂತ ಸಂಪಾದನೆ, ವ್ಯಾಪಾರ. ಅಂಗಡಿ ಹಾಕಿದ 1982 ಅದರ ಮಧ್ಯದಲ್ಲೇ ಬರುತ್ತದೆ. ಶಾಲೆಯ ತಾರೀಖಿನ ಪ್ರಕಾರ 1982ರಲ್ಲಿ ಶುರುವಾಗುವುದು 9, ಅಂಗಡಿಗೆ ಅದು ಹೇಳಿಮಾಡಿಸಿದ್ದಲ್ಲ. ಗಡಿಯ ವರ್ಷ ಹೊಂದುವುದಕ್ಕಿಂತ ಸಂಖ್ಯೆಯ ಗುಣ ಹೊಂದುವುದು ನನಗೆ ಮುಖ್ಯ.

ಗಣಿತದ_ಮೇಷ್ಟ್ರು

ಗಡಿ ಹೊಂದದಿದ್ದಾಗ ಗುಣ, ಗುಣ ಹೊಂದದಿದ್ದಾಗ ಗಡಿ. ಎರಡು ಬಾಗಿಲು ಇಟ್ಟುಕೊಂಡರೆ ಯಾವ ಪಟ್ಟಿಯೂ ಸೋಲುವುದಿಲ್ಲ ಅಕ್ಕ. ಒಂದು ಕೆಲಸ ಮಾಡೋಣವೇ? ಒಂದು ದಂಪತಿಯ ಬಾಳಿನ ಮುಖ್ಯ ಘಟನೆಗಳನ್ನು ಇಸವಿಯೊಂದಿಗೆ ಕೊಡಲಿ. ಜೊತೆಗೆ ಎರಡು ಪಟ್ಟಿ, ಒಂದು ನಿಜವಾದ ತಾರೀಖಿನದು, ಇನ್ನೊಂದು ನಾನು ಕಟ್ಟಿದ್ದು. ಯಾವುದು ನಿಜ ಎಂದು ನೀವು ಗುರುತಿಸಿ. ಒಂದೆರಡು ಜೋಡಿ ಸಾಲದು, ಹತ್ತಿಪ್ಪತ್ತಾದರೂ ಬೇಕು.

ಅಂಕೆಮನೆ

ಒಪ್ಪಿದೆ. ನನ್ನದು ಎರಡು ಷರತ್ತು. ದಂಪತಿ ಮೂರೂ ಗಡಿ ದಾಟಿದವರಾಗಿರಬೇಕು, ಅಂದರೆ ಇಬ್ಬರಿಗೂ 53 ಆಗಿರಬೇಕು. ಘಟನೆಗಳ ಜೊತೆ ಆಗ ಮನೆಯಲ್ಲಿ ಏನು ಮಾತುಕತೆ ನಡೆಯುತ್ತಿತ್ತು ಎಂದು ಒಂದೆರಡು ಸಾಲು ಬರೆದಿರಬೇಕು.

ಬಸವರಾಜ_ಗದಗ

ಅಪ್ಪಂದು ನಾನು ಇಲ್ಲೇ ಬಾಯಿ ಬಿಟ್ಟಾಯ್ತು, ಅದು ಬ್ಯಾಡ. ನಮ್ಮ ದೊಡ್ಡಪ್ಪ ದೊಡ್ಡವ್ವ ಇಬ್ಬರದ್ದೂ ಖರೇ ತಾರೀಖು ಅದಾವ. ಈ ಭಾನುವಾರ ಊರಿಗೆ ಹೋಗಿ ಕೇಳಿ ಬರಕೊಂಡು ಮೇಷ್ಟ್ರಿಗೆ ಕಳಸ್ತೀನಿ.

ಶ್ರುತಿ_ತುಮಕೂರು

ಎಲ್ಲರಿಗೂ ಧನ್ಯವಾದ. ಇವರಿಗೂ ಓದಿ ಹೇಳಿದೆ, ಹೆಸರು ಬದಲಾಯಿಸೋ ಮಾತು ನಮ್ಮ ಮನೇಲಿ ಮುಗೀತು. ಹೊರಗಿನ ಕೆಲಸದ ಬಗ್ಗೆ ಅಂಕೆಮನೆ ಅಕ್ಕ ಬರೆದದ್ದು ಕೇಳಿ ಇವರು ಸುಮ್ಮನಾದರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆಗಿ ಅಂತ ಈಗಾಗಲೇ ಕರೀತಾ ಇದ್ದಾರೆ. ಕೊನೇದಾಗಿ ಮನೆ ವಿಷಯ ಕೇಳಿಬಿಡ್ತೀನಿ. 2027ರಲ್ಲಿ ಶುರು ಮಾಡೋದೋ 2028ರಲ್ಲೋ?

ರವಿಕಿರಣ_ಹಾಸನ

2027. ಆ ವರ್ಷ ನಿಮ್ಮ ವರ್ಷಾಂಕ 6, ಪಿನಾಕಲ್ಲೂ 6. ಮನೆಗೆ ಇದಕ್ಕಿಂತ ಒಳ್ಳೆ ವರ್ಷ ಬೇಕಾ? ನಿಮ್ಮ ಹೆಸರಲ್ಲೇ ಪಾಯ ಹಾಕಿಸಿ.

ಅಂಕೆಮನೆ

ನಾನು 2028 ಎನ್ನುತ್ತೇನೆ. 2027ರಲ್ಲಿ ಯಜಮಾನರ ವರ್ಷಾಂಕ 9, ಹಳೆಯದನ್ನು ಮುಗಿಸುವ ವರ್ಷ. ಬಾಕಿ ಸಾಲ ತೀರಿಸಿ, ಸೈಟಿನ ಖಾತೆ ಕಾಗದ ಸರಿಮಾಡಿಸಿ, ನಕ್ಷೆ ಮಾಡಿಸಿಕೊಳ್ಳಿ. 2028 ಅವರಿಗೆ 1, ಹೊಸದಾಗಿ ಕೈಹಾಕುವ ವರ್ಷ. ಆದರೆ ರವಿಕಿರಣ್ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಸಾಲ ಯಾರ ಹೆಸರಲ್ಲಿ, ದುಡಿಮೆ ಯಾರದು ಹೆಚ್ಚು ಹೋಗುತ್ತದೆ ಎನ್ನುವುದರ ಮೇಲೆ ಯಾರ ವರ್ಷ ಹಿಡಿಯಬೇಕು ಎಂದು ನಿಂತಿದೆ. ಅದನ್ನು ತಿಳಿಸಿ, ಮತ್ತೆ ನೋಡೋಣ.